ತಿಂಗಳ ಕೊನೆಯ ಕಂತು ತೋರಿಸದೇ ಇದ್ದ ಕೊರತೆ

ಗಂಗಾವತಿ ಹತ್ತಿರ ಅಕ್ಕಿ ಗಿರಣಿಯ ಗೋದಾಮು ಕಟ್ಟುವ ಕೆಲಸ. ಬಜೆಟ್ 60 ಲಕ್ಷ, 6 ತಿಂಗಳು. ತಿಂಗಳ ಖರ್ಚು 4, 8, 16, 18, 10, 4 ಲಕ್ಷ. ಮಾಲೀಕರು 20 ಲಕ್ಷದಂತೆ ಮೂರು ಕಂತು ಕೊಡುವ ಮಾತಾಗಿತ್ತು: ಶುರುವಿನಲ್ಲಿ, 3ನೇ ತಿಂಗಳ ಕೊನೆಗೆ, 5ನೇ ತಿಂಗಳ ಕೊನೆಗೆ.

ಎಕ್ಸೆಲ್‌ನಲ್ಲಿ ಖರ್ಚನ್ನು B ಕಾಲಂಗೆ ಹಾಕಿ, C2ನಲ್ಲಿ ಇದನ್ನು ಬರೆದು ಕೆಳಗೆ ಎಳೆದೆ:

```
=SUM(B$2:B2)
```

4, 12, 28, 46, 56, 60 ಬಂತು. ತಿಂಗಳು ತಿಂಗಳು ಕೂಡುತ್ತಾ ಹೋದ ಈ ಖರ್ಚಿನ ಲೆಕ್ಕವೇ ಕಾಸ್ಟ್ ಬೇಸ್‌ಲೈನ್. ಗ್ರಾಫ್ ಹಾಕಿದರೆ ನಡುವೆ ಕಡಿದಾಗಿ ಏರುವ ಎಸ್-ಕರ್ವ್. D ಕಾಲಂನಲ್ಲಿ ಅಲ್ಲಿಯವರೆಗೆ ಬಂದ ಹಣದ ಒಟ್ಟು ಮೊತ್ತ, Eನಲ್ಲಿ `=D2-C2`.

ಕೊರತೆ 4ನೇ ತಿಂಗಳಲ್ಲಿ ಮಾತ್ರ, ಬರೀ 6 ಲಕ್ಷ ಅಂತ ತೋರಿಸಿತು. ಆದರೆ 3ನೇ ತಿಂಗಳ ನಡುವೆಯೇ ಕಬ್ಬಿಣದ ಅಂಗಡಿಗೆ ಕೊಡಲು ದುಡ್ಡಿರಲಿಲ್ಲ. ಮೇಸ್ತ್ರಿ ಬಂದು, "ಸರ್, ಶನಿವಾರದ ಬಟವಾಡೆ ಹೆಂಗ್ರೀ?" ಅಂದಾಗ ತುಂಬಾ ಸಂಕಟವಾಯಿತು.

ತಪ್ಪು D ಕಾಲಂನಲ್ಲಿತ್ತು. ತಿಂಗಳ ಕೊನೆಗೆ ಬರುವ ಕಂತನ್ನು ಅದೇ ತಿಂಗಳ ಸಾಲಿಗೆ ಸೇರಿಸಿದ್ದೆ. ಆ ದುಡ್ಡು ಆ ತಿಂಗಳ ಖರ್ಚಿಗೆ ಸಿಗೋದಿಲ್ಲ ಅಲ್ವಾ? ಮುಂದಿನ ಸಾಲಿಗೆ ಇಳಿಸಿದೆ. ಆಗ 3ನೇ ತಿಂಗಳಿಗೆ 8, 4ಕ್ಕೆ 6, 5ಕ್ಕೆ 16 ಲಕ್ಷ ಕೊರತೆ ಕಂಡಿತು. ಗ್ರಾಫ್‌ನಲ್ಲಿ ಹಣದ ಗೆರೆಯನ್ನು ಮೆಟ್ಟಿಲಿನಂತೆ ಎಳೆದರೆ, ಕರ್ವ್ ಅದನ್ನು ದಾಟಿ ಮೇಲೆ ಹೋದ ಜಾಗವೇ ಕೊರತೆ.

ಆ 3ನೇ ತಿಂಗಳನ್ನು 8 ಲಕ್ಷ ಕೈಸಾಲ ಮಾಡಿ ದಾಟಿಸಿದೆ. ಆಮೇಲೆ ಗ್ರಾಫ್ ತೋರಿಸಿ ಮಾಲೀಕರನ್ನು ಕೇಳಿದೆ. 3ನೇ ತಿಂಗಳ ಕೊನೆಗೆ 30, 4ನೇ ತಿಂಗಳ ಕೊನೆಗೆ 10 ಲಕ್ಷ ಕೊಡಲು ಒಪ್ಪಿದರು. ಸಾಲ ತೀರಿಸಿದ ಮೇಲೂ 4ನೇ ತಿಂಗಳಿಗೆ ಒಟ್ಟು ಬಂದ 50ರ ಎದುರು ಖರ್ಚು 46, 5ಕ್ಕೆ 60ರ ಎದುರು 56. 4ನೇ ತಿಂಗಳಿಂದ ಕರ್ವ್ ಮೆಟ್ಟಿಲನ್ನು ದಾಟೋದಿಲ್ಲ.