ಗದಗ ಅಂಗಡಿಗೆ ಬೀಗ ಹಾಕುವ ಮೊದಲು ತೆಗೆದ ಲೆಕ್ಕ

ನಾನು ಲೆಕ್ಕ ನೋಡಿಕೊಳ್ಳುವ ಬಟ್ಟೆ ವ್ಯಾಪಾರದವರಿಗೆ ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಮೂರು ಅಂಗಡಿ. ಒಂದು ದಿನ ಮಾಲಕರು ತಿಂಗಳ ಶೀಟು ಮುಂದಿಟ್ಟರು. “ಗದಗದಾಗ ತಿಂಗಳಾ ಐವತ್ತ ಸಾವಿರ ನೀರಾಗ ಹೊಂಟೈತಿ. ಬಂದ್ ಮಾಡಿಬಿಡೂಣ್ರಿ.”

ಆ ಶೀಟು ನಾನೇ ಮಾಡಿದ್ದು. ಹೆಡ್ಡಾಫೀಸಿನ ಒಟ್ಟು ಖರ್ಚು 12 ಲಕ್ಷವನ್ನು ಮಾರಾಟದ ಪ್ರಮಾಣದಲ್ಲಿ ಹಂಚಿ ಪ್ರತಿ ಅಂಗಡಿಯ ಲಾಭದಲ್ಲಿ ಕಳೆಯುತ್ತಿದ್ದೆ. ಹುಬ್ಬಳ್ಳಿ 60 ಲಕ್ಷ, ಧಾರವಾಡ 40, ಗದಗ 20 ಲಕ್ಷ ಮಾರುತ್ತವೆ. ಹಾಗಾಗಿ ಗದಗದ ತಲೆಗೆ 2 ಲಕ್ಷ ಬೀಳುತ್ತಿತ್ತು.

ಎರಡು ದಿನ ಸಮಯ ಕೇಳಿ ಮೊದಲಿನಿಂದ ಲೆಕ್ಕ ಹಾಕಿದೆ. ಮೊದಲ ಹಂತ ಕಾಂಟ್ರಿಬ್ಯೂಷನ್: ಮಾರಾಟದಿಂದ ಮಾಲಿನ ಖರೀದಿ ಬೆಲೆ, ಕ್ಯಾರಿಬ್ಯಾಗು, ಸೇಲ್ಸ್‌ಮನ್ ಕಮಿಷನ್, ಕಾರ್ಡ್ ಚಾರ್ಜು, ಅಂದರೆ ಮಾರಿದಷ್ಟೇ ಏರುವ ಖರ್ಚು ಕಳೆದರೆ ಉಳಿಯುವುದು. ಗದಗದಲ್ಲಿ ಅದು 4.60 ಲಕ್ಷ. ಎರಡನೇ ಹಂತ ಅಂಗಡಿಯದೇ ಸ್ವಂತ ಸ್ಥಿರ ಖರ್ಚು: ಬಾಡಿಗೆ 90 ಸಾವಿರ, ಪಗಾರ 1.60 ಲಕ್ಷ, ಕರೆಂಟು 30 ಸಾವಿರ, ರ‍್ಯಾಕು-ಲೈಟುಗಳ ಸವಕಳಿ 30 ಸಾವಿರ. ಒಟ್ಟು 3.10 ಲಕ್ಷ. ಉಳಿದ 1.50 ಲಕ್ಷವೇ ಗದಗದ ಸೆಗ್ಮೆಂಟ್ ಮಾರ್ಜಿನ್. ಇದೇ ರೀತಿ ಹುಬ್ಬಳ್ಳಿಗೆ 9 ಲಕ್ಷ, ಧಾರವಾಡಕ್ಕೆ 4.50 ಲಕ್ಷ ಬಂತು. ಮೂರೂ ಸೇರಿ 15. ಅದರಲ್ಲಿ 12 ಲಕ್ಷ ಹೆಡ್ಡಾಫೀಸಿಗೆ ಹೋಗಿ 3 ಲಕ್ಷ ಕೈಗೆ.

ಬರೆದಷ್ಟು ಸಲೀಸಾಗಿ ಇದು ಆಗಲಿಲ್ಲ. ಯಾವ ಖರ್ಚು ಯಾರದು ಎನ್ನುವಲ್ಲೇ ಎರಡೂ ದಿನ ಹೋದವು. ಹೆಡ್ಡಾಫೀಸು ಇರುವುದು ಹುಬ್ಬಳ್ಳಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಇಬ್ಬರಿಗೂ ಒಂದೇ ಮೀಟರು; ಪೂರ್ತಿ ಬಿಲ್ಲು ಹುಬ್ಬಳ್ಳಿ ಖಾತೆಯಲ್ಲಿತ್ತು. ಸದ್ಯಕ್ಕೆ ಎಸಿಗಳ ಲೆಕ್ಕದಲ್ಲಿ ಬಿಡಿಸಿ, ಆಮೇಲೆ ಮಹಡಿಗೆ ಸಬ್‌ಮೀಟರ್ ಹಾಕಿಸಿದೆ. ಹುಬ್ಬಳ್ಳಿಯ ಬಿಲ್ಲಿಂಗ್ ಹುಡುಗನ ಪಗಾರ ಹೆಡ್ಡಾಫೀಸಿನಲ್ಲಿ ಬೀಳುತ್ತಿತ್ತು, ಅದನ್ನು ಅಂಗಡಿಗೆ ತಂದೆ. ಧಾರವಾಡ, ಗದಗ ಎರಡನ್ನೂ ನೋಡಿಕೊಳ್ಳುವ ಸೂಪರ್‌ವೈಸರ್ ಪಗಾರವನ್ನು ಮಾತ್ರ ಅರ್ಧರ್ಧ ಮಾಡಲಿಲ್ಲ. ಒಂದು ಅಂಗಡಿ ಮುಚ್ಚಿದರೂ ಅವರ ಪಗಾರ ಇದ್ದೇ ಇರುತ್ತದೆ, ಹಾಗಾಗಿ ಅದು ಕೆಳಗೆ, ಹಂಚದ ಸಾಲಿನಲ್ಲೇ ಉಳಿಯಿತು.

ಮಾಲಕರ ಎದುರು ಗದಗ ಮುಚ್ಚಿದ ಮೇಲಿನ ತಿಂಗಳನ್ನು ಬರೆದು ತೋರಿಸಿದೆ. 12 ಲಕ್ಷ ಕರಗುವುದಿಲ್ಲ, ಉಳಿದ ಇಬ್ಬರ ಮೇಲೆ ಬೀಳುತ್ತದೆ. ಧಾರವಾಡದ ಪಾಲು 4 ಲಕ್ಷದಿಂದ 4.80ಕ್ಕೆ ಏರುತ್ತದೆ. ಇಲ್ಲಿಯವರೆಗೆ 50 ಸಾವಿರ ಲಾಭ ತೋರಿಸುತ್ತಿದ್ದ ಧಾರವಾಡ 30 ಸಾವಿರ ನಷ್ಟಕ್ಕೆ ಇಳಿಯುತ್ತದೆ! “ಹಂಗಾದ್ರ ಮುಂದಿನ ತಿಂಗಳು ಅದನ್ನೂ ಮುಚ್ಚಬೇಕಾಗ್ತೈತಿ” ಎಂದು ಅವರ ಮಗ ನಕ್ಕ. ಒಟ್ಟು ಲಾಭ 3 ಲಕ್ಷದಿಂದ ಒಂದೂವರೆಗೆ ಬರುತ್ತದೆ.

ಸೆಗ್ಮೆಂಟ್ ಮಾರ್ಜಿನ್ನನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸ್ವಂತ ಖರ್ಚು ಎಂದ ಮಾತ್ರಕ್ಕೆ ಮುಚ್ಚಿದರೆ ಉಳಿತಾಯವಾಗುವ ಖರ್ಚು ಎಂದಲ್ಲ. ರ‍್ಯಾಕಿನ ಹಣ ಹಿಂದೆಯೇ ಹೋಗಿದೆ, ಸವಕಳಿ 30 ಸಾವಿರ ನಿಂತರೆ ಗಲ್ಲಾಕ್ಕೆ ಏನೂ ಬರುವುದಿಲ್ಲ. ಹಳೆಯ ಇಬ್ಬರನ್ನು ಕೆಲಸದಿಂದ ತೆಗೆಯುವುದಿಲ್ಲ ಎಂದು ಮಾಲಕರೇ ಹೇಳಿದ್ದರು. ಆ ಇಬ್ಬರ 40 ಸಾವಿರ ಪಗಾರ ಧಾರವಾಡಕ್ಕೆ ಹೋಗುತ್ತದೆ. ಹಾಗಾದರೆ ಉಳಿತಾಯವಾಗುವುದು 2.40 ಲಕ್ಷ, ಕಳೆದುಕೊಳ್ಳುವುದು 4.60. ತಿಂಗಳಿಗೆ 2.20 ಲಕ್ಷದ ಹೊಡೆತ.

“ಗದಗದ ಗಿರಾಕಿ ಹುಬ್ಬಳ್ಳಿಗೆ ಬರ್ತಾರಲ್ರಿ” ಎಂದರು. ಬರಬಹುದು. ಆದರೆ ಹುಬ್ಬಳ್ಳಿಯಲ್ಲಿ ನೂರಕ್ಕೆ 22 ರೂಪಾಯಿ ಕಾಂಟ್ರಿಬ್ಯೂಷನ್. ಆ ಹೊಡೆತ ತುಂಬಲು 10 ಲಕ್ಷದ ಮಾರಾಟ ಅಲ್ಲಿಂದ ಬರಬೇಕು, ಅಂದರೆ ಗದಗದ ಅರ್ಧ ವ್ಯಾಪಾರ ಸುಮಾರು 60 ಕಿಲೋಮೀಟರ್ ಬಸ್ಸು ಹತ್ತಬೇಕು. ಮಾಲಕರು ಚಹಾ ತರಿಸಿದರು.

ಈಗಿನ ವರದಿಯಲ್ಲಿ ಅಂಗಡಿಗಳ ಕಾಲಮ್ಮು ಸೆಗ್ಮೆಂಟ್ ಮಾರ್ಜಿನ್‌ಗೆ ನಿಲ್ಲುತ್ತದೆ. ಹೆಡ್ಡಾಫೀಸ್ ಖರ್ಚು ಒಟ್ಟು ಕಾಲಮ್ಮಿನಲ್ಲಿ ಮಾತ್ರ.

ಇದನ್ನು ಮಾಡುವಾಗ ಇನ್ನೊಂದು ಸಿಕ್ಕಿತು. ಹುಬ್ಬಳ್ಳಿಯಲ್ಲಿ ಖರ್ಚಾಗದ ನೂರು ಸೀರೆ, 1,200ರ ಖರೀದಿ ಬೆಲೆಗೇ ಗದಗಕ್ಕೆ ವರ್ಗವಾಗಿದ್ದವು. ಅಲ್ಲಿ 900ಕ್ಕೆ ಹೋದವು. ಹುಬ್ಬಳ್ಳಿಯವರು ತಪ್ಪು ಖರೀದಿ ಮಾಡಿದ್ದಕ್ಕೆ 30 ಸಾವಿರ ಗದಗ ಕಟ್ಟಿತ್ತು. ಈಗ ಹಳೆ ಮಾಲು ಹೊರಡುವಾಗಲೇ ಬೆಲೆ ಇಳಿಸಿ ಕಳಿಸಬೇಕು, ಇಳಿಕೆ ಕಳಿಸಿದವರ ಖಾತೆಗೆ. ಆ ಲೆಕ್ಕದಲ್ಲಿ ಗದಗ 1.80 ಆಗಿ, ಹುಬ್ಬಳ್ಳಿ 8.70ಕ್ಕೆ ಇಳಿಯಿತು. ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಮ್ಯಾನೇಜರು ಶೀಟು ಹಿಡಿದು ಮೆಟ್ಟಿಲು ಹತ್ತಿ ಬಂದರು.