ದಪ್ಪ ಬಾಗಿಲಿಗೆ ಪೀಪ್‌ಹೋಲ್: ಮೊದಲು ಗುಳಿ, ಆಮೇಲೆ ತೂತು

ಅಂಗಡಿಯಲ್ಲಿ ಸಿಗುವ ಪೀಪ್‌ಹೋಲ್‌ಗಳಲ್ಲಿ ಹೆಚ್ಚಿನವು 35ರಿಂದ 55 ಮಿ.ಮೀ. ದಪ್ಪದ ಕದಕ್ಕೆಂದು ಮಾಡಿದಂಥವು. ಪ್ಯಾಕೆಟ್ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ನಾವು ಓದುವುದಿಲ್ಲ. ನನ್ನ ಬಾಗಿಲು ಹಳೆಯದು, ಗಟ್ಟಿಮರದ್ದು. 14 ಮಿ.ಮೀ. ತೂತು ಕೊರೆದು, ಹೊರಗಿನಿಂದ ಒಂದು ಕೊಳವೆ, ಒಳಗಿನಿಂದ ಇನ್ನೊಂದು ಕೊಳವೆ ತೂರಿಸಿ ತಿರುಗಿಸಿದೆ, ತಿರುಗಿಸಿದೆ. ಎರಡೂ ಒಂದಕ್ಕೊಂದು ಸಿಗಲೇ ಇಲ್ಲ. ಆಮೇಲೆ ಅಳೆದರೆ ಕದದ ದಪ್ಪ 72 ಮಿ.ಮೀ.!

ಉದ್ದ ಕೊಳವೆಯ ಪೀಪ್‌ಹೋಲ್ ಸಿಕ್ಕಿದರೆ ತಲೆನೋವಿಲ್ಲ. ಸಿಗದಿದ್ದರೆ ಕದದಲ್ಲೇ ಗುಳಿ ತೋಡಿ, ಆ ಒಂದು ಜಾಗದಲ್ಲಿ ಮಾತ್ರ ಮರವನ್ನು ತೆಳ್ಳಗೆ ಮಾಡಬೇಕು. ಗುಳಿ ಇರಬೇಕಾದದ್ದು ಒಳಮೈಯಲ್ಲಿ. ಹೊರಗೆ ತೋಡಿದರೆ ಗಾಜು ಒಳಕ್ಕೆ ಹುದುಗಿ, ಗುಳಿಯ ಗೋಡೆಯೇ ನೋಟಕ್ಕೆ ಅಡ್ಡ ಬರುತ್ತದೆ. ಆಗ ಬಾಗಿಲ ಪಕ್ಕಕ್ಕೆ ಸರಿದು ನಿಂತವರು ಕಾಣುವುದಿಲ್ಲ. ಒಳಗೆ ತೋಡಿದರೆ ಕಣ್ಣು ಗಾಜಿನಿಂದ ತುಸು ದೂರವಾಗಿ ನೋಟ ಸ್ವಲ್ಪ ಕಿರಿದಾಗುತ್ತದೆ, ಅಷ್ಟೆ.

ಲೆಕ್ಕ ಸುಲಭ. ಕೊಳವೆಗಳು 55 ಮಿ.ಮೀ.ವರೆಗೆ ಹಿಗ್ಗುತ್ತವೆ ಎಂದರೂ ಆ ಕೊನೆಯಲ್ಲಿ ಒಂದೆರಡು ಸುತ್ತಷ್ಟೇ ಹಿಡಿದಿರುತ್ತದೆ. ಬಾಗಿಲು ನಾಲ್ಕು ಸಲ ಧಡಾರೆಂದರೆ ಸಡಿಲ. ಹಾಗಾಗಿ 50 ಮಿ.ಮೀ. ಮರ ಉಳಿಯಲಿ. 72ರಲ್ಲಿ 50 ಕಳೆದರೆ ಗುಳಿಯ ಆಳ 22 ಮಿ.ಮೀ. ಅಗಲ 30 ಮಿ.ಮೀ. ಇದ್ದರೆ ಒಳಗಿನ ಬಳೆಯೂ ಅದನ್ನು ತಿರುಗಿಸುವ ಸಾಧನವೂ ಹಿಡಿಸುತ್ತವೆ.

ಇನ್ನು ಕೆಲಸದ ಕ್ರಮ. ನೆಲದಿಂದ ಸುಮಾರು 145 ಸೆಂ.ಮೀ. ಎತ್ತರದಲ್ಲಿ ಗುರುತು ಹಾಕಿ. ಮನೆಯಲ್ಲಿ ಎಲ್ಲರಿಗಿಂತ ಕುಳ್ಳಗಿರುವವರನ್ನು ನಿಲ್ಲಿಸಿ ನೋಡಿಕೊಂಡರೆ ಇನ್ನೂ ಒಳ್ಳೆಯದು. ಮರದ ಜೋಡಣೆ ಇರುವ ಜಾಗ ಬೇಡ. 3 ಮಿ.ಮೀ. ಬಿಟ್‌ನಿಂದ ಒಳಗಿನಿಂದ ಹೊರಗಿನವರೆಗೆ ಸಣ್ಣ ತೂತು ಕೊರೆಯಿರಿ. ಇದು ನೇರವಾಗಿ ಹೋಗಬೇಕು: ಬಿಟ್ ಎರಡೇ ಡಿಗ್ರಿ ವಾಲಿದರೂ 72 ಮಿ.ಮೀ. ದಾಟುವಷ್ಟರಲ್ಲಿ ಎರಡೂವರೆ ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಕದದ ಮೇಲೆ ಮೂಲೆಮಟ್ಟ ಇಟ್ಟುಕೊಂಡು, ಪಕ್ಕದಿಂದ ಇನ್ನೊಬ್ಬರು ನೋಡುತ್ತಿದ್ದರೆ ಸರಿಹೋಗುತ್ತದೆ.

ಈಗ ದೊಡ್ಡ ತೂತಿಗೆ ಕೈಹಾಕಬೇಡಿ. ನಾನು ಎಡವಿದ್ದೇ ಇಲ್ಲಿ. ಗುಳಿ ತೋಡುವ ಚಪ್ಪಟೆ ತಳದ ಫೋರ್ಸ್ಟ್‌ನರ್ ಬಿಟ್‌ಗೆ ನಡುವಿನ ಮೊನೆ ಊರಲು ಮರ ಬೇಕು. 14 ಮಿ.ಮೀ. ತೂತು ಮೊದಲೇ ಆಗಿಬಿಟ್ಟರೆ ಮೊನೆಗೆ ನೆಲೆಯಿಲ್ಲದೆ ಬಿಟ್ ಕದದ ಮೇಲೆಲ್ಲ ಕುಣಿಯುತ್ತದೆ. ಕೊನೆಗೆ ನಾನು ಆ ತೂತಿಗೆ ಮರದ ಬೆಣೆ ಹೊಡೆದು, ಅಂಟು ಒಣಗಲು ಒಂದು ರಾತ್ರಿ ಕಾದು, ಮತ್ತೆ ಮೊದಲಿನಿಂದ ಶುರುಮಾಡಿದೆ. ಆದ್ದರಿಂದ ಮೊದಲು 22 ಮಿ.ಮೀ. ಆಳದ ಗುಳಿ, ಆಮೇಲೆ 14 ಮಿ.ಮೀ. ತೂತು. ಅದನ್ನೂ ಒಂದೇ ಕಡೆಯಿಂದ ಪೂರ್ತಿ ಕೊರೆಯದೆ, ಅರ್ಧ ಹೊರಗಿನಿಂದ, ಅರ್ಧ ಗುಳಿಯ ಕಡೆಯಿಂದ ಕೊರೆಯಿರಿ. ಇಲ್ಲದಿದ್ದರೆ ಬಿಟ್ ಹೊರಬರುವಲ್ಲಿ ಸಿಬಿರು ಏಳುತ್ತದೆ.

ಪೀಪ್‌ಹೋಲ್ ಆಯಿತು, ಇನ್ನು ಅದೇ ಬಾಗಿಲಿಗೆ ಸೇಫ್ಟಿ ಚೈನ್. ಅದರ ಬಲ ಇರುವುದು ಸರಪಳಿಯಲ್ಲಲ್ಲ, ಸ್ಕ್ರೂಗಳಲ್ಲಿ. ಜೊತೆಗೆ ಕೊಡುವ ಗಿಡ್ಡ ಸ್ಕ್ರೂಗಳನ್ನು ಬದಿಗಿಟ್ಟು, ದಪ್ಪ ಮರಕ್ಕೆ 40 ಮಿ.ಮೀ. ಉದ್ದದವನ್ನು ಹಾಕಿ. ಚೌಕಟ್ಟಿನ ಅಂಚಿಗೆ ತೀರಾ ಹತ್ತಿರವಾದರೆ ಮರ ಸೀಳುತ್ತದೆ. ಗಟ್ಟಿಮರಕ್ಕೆ 8ನೇ ನಂಬರಿನ ಸ್ಕ್ರೂ ಆದರೆ ಮೊದಲು 3 ಮಿ.ಮೀ. ತೂತು ಬೇಕು. ಹಿತ್ತಾಳೆ ಸ್ಕ್ರೂ ನೇರ ಬಿಗಿದರೆ ಕತ್ತು ಮುರಿಯುತ್ತದೆ. ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಮೊದಲು ಬಿಗಿದು ತೆಗೆದು, ಆಮೇಲೆ ಸೋಪು ಸವರಿದ ಹಿತ್ತಾಳೆಯದನ್ನು ಹಾಕಿ.

ಕದಕ್ಕೆ ಹೊಡೆಯುವ ಪಟ್ಟಿಯಲ್ಲಿ, ಚೈನಿನ ಗುಂಡಿ ಒಳಹೋಗುವ ಅಗಲದ ಬಾಯಿ ಕದದ ಅಂಚಿನಿಂದ ದೂರದ ತುದಿಯಲ್ಲಿರಬೇಕು. ಆಗ ಬಾಗಿಲು ಪೂರ್ತಿ ಮುಚ್ಚಿದರಷ್ಟೇ ಚೈನ್ ಬಿಡಿಸಲು ಬರುತ್ತದೆ. ಹಾಕಿದ ಮೇಲೆ ಹೊರಗೆ ನಿಂತು, ಸಂದಿಯಲ್ಲಿ ಕೈತೂರಿಸಿ ನೀವೇ ಬಿಡಿಸಲು ನೋಡಿ. ಮುಷ್ಟಿ ಹೋಗುವಂತಿದ್ದರೆ ಚೈನ್ ಉದ್ದವಾಯಿತು.

ಸರಪಳಿಯ ಬದಲು ಗಟ್ಟಿ ಸಲಾಕೆ ಇರುವ ಡೋರ್ ಗಾರ್ಡ್ ನನಗೆ ಹೆಚ್ಚು ಇಷ್ಟ, ಆದರೆ ಅದು ಹಟಮಾರಿ. ಕದದ ಮೈ, ಚೌಕಟ್ಟಿನ ಮೈ ಎರಡೂ ಒಂದೇ ಮಟ್ಟದಲ್ಲಿರಬೇಕು. ದಪ್ಪ ಕದ ಚೌಕಟ್ಟಿಗಿಂತ 10 ಮಿ.ಮೀ. ಮುಂದೆ ಚಾಚಿದ್ದರೆ ಸಲಾಕೆ ಗುಂಡಿಗೆ ಸಿಗದು. ಚೌಕಟ್ಟಿನ ಭಾಗದ ಕೆಳಗೆ ಅಷ್ಟೇ ದಪ್ಪದ ಗಟ್ಟಿಮರದ ತುಂಡು ಕೊಟ್ಟು, ಸ್ಕ್ರೂ ಉದ್ದವನ್ನೂ 10 ಮಿ.ಮೀ. ಹೆಚ್ಚಿಸಿ.

ಇವೆರಡೂ ಬೀಗಗಳಲ್ಲ, ಭುಜ ಕೊಟ್ಟು ಗುದ್ದುವವನನ್ನು ಹೆಚ್ಚು ಹೊತ್ತು ತಡೆಯಲಾರವು. ಬಂದವರೊಡನೆ ಮಾತಾಡುವಷ್ಟು ಹೊತ್ತು ಹಾಕಿ, ಆಮೇಲೆ ತೆಗೆದುಬಿಡಿ. ಒಂಟಿಯಾಗಿರುವ ಹಿರಿಯರು ಒಳಗೆ ಜಾರಿ ಬಿದ್ದರೆ, ಕೀಲಿಕೈ ಇದ್ದರೂ ಹೊರಗಿನವರು ಒಳಬರಲಾಗದಂತೆ ತಡೆಯುವುದು ಇದೇ ಚೈನು.