ಅಸಂಪ್ಷನ್ ಲಾಗ್ ಬೇರೆ, ಕನ್‌ಸ್ಟ್ರೇಂಟ್ ಲಿಸ್ಟ್ ಬೇರೆ: ಶಾಲೆಯ ಎರಡು ಕೋಣೆ ಕಟ್ಟಿಸಿದ ನನ್ನ ಅನುಭವ

ಧಾರವಾಡದ ಕಡೆ ಒಂದು ಹಳ್ಳಿ ಶಾಲೆಗೆ ಎರಡು ಕೋಣೆ, ಮುಂದೆ ಒಂದು ವರಾಂಡ ಕಟ್ಟಿಸುವ ಕೆಲಸ ನೋಡಿಕೊಂಡಿದ್ದೆ. ಪ್ಲ್ಯಾನ್ ಮಾಡುವ ಮೊದಲೇ ಎಕ್ಸೆಲ್‌ನಲ್ಲಿ ಎರಡು ಶೀಟ್ ಮಾಡಿದೆ.

ಕನ್‌ಸ್ಟ್ರೇಂಟ್ ಶೀಟಿಗೆ ಹೋಗಿದ್ದು ನಮಗೆ ಇಷ್ಟವಿರಲಿ ಬಿಡಲಿ, ಬದಲಾಗದ ಸಂಗತಿಗಳು. ಜೂನ್ ಮೊದಲಿಗೆ ಮಕ್ಕಳು ಕೋಣೆಯಲ್ಲಿ ಕೂರಬೇಕು. ಮಂಜೂರಾದ ಹಣ ಜಾಸ್ತಿಯಾಗುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಹಗಲು ಮಿಕ್ಸರ್ ಓಡಿಸುವಂತಿಲ್ಲ. ಪ್ರತಿಯೊಂದರ ಪಕ್ಕ, ಇದನ್ನು ಹೇಳಿದವರು ಯಾರು, ಸಡಿಲಿಸುವ ಅಧಿಕಾರ ಯಾರಿಗಿದೆ ಅಂತ ಬರೆದೆ.

ಅಸಂಪ್ಷನ್ ಶೀಟಿಗೆ ಹೋಗಿದ್ದು ನಾವು ನಿಜ ಅಂದುಕೊಂಡು ಹೊರಟಿದ್ದು, ಆದರೆ ಯಾರೂ ನೋಡಿ ಖಚಿತ ಮಾಡಿಕೊಳ್ಳದಿದ್ದದ್ದು. ಅಲ್ಲಿ ಕಾಲಂಗಳೇ ಬೇರೆ: ಯಾರು ಪರೀಕ್ಷಿಸಬೇಕು, ಯಾವ ದಿನದೊಳಗೆ, ಸುಳ್ಳಾದರೆ ಏನು ಮಾಡುವುದು.

ಗುತ್ತಿಗೆದಾರರ ಅಂದಾಜಿನಲ್ಲಿ ಸ್ಲ್ಯಾಬ್‌ನ ಸೆಂಟ್ರಿಂಗ್ ಏಳು ದಿನಕ್ಕೆ ಬಿಚ್ಚುವುದು ಅಂತ ಇತ್ತು. ಇದನ್ನು ಅಸಂಪ್ಷನ್ ಅಂತ ಬರೆದುಕೊಳ್ಳೋಕೆ ಬರೋದಿಲ್ಲ. ಕೋಣೆಯ ಅಗಲ 20 ಅಡಿ, ಅಂದರೆ ಸುಮಾರು 6 ಮೀಟರ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ 4.5 ಮೀಟರ್ ದಾಟಿದ ಸ್ಲ್ಯಾಬ್‌ಗೆ ಕೆಳಗಿನಿಂದ ಆನಿಸಿದ ಸೆಂಟ್ರಿಂಗ್ ಕಂಬಗಳನ್ನು 14 ದಿನ ತೆಗೆಯುವಂತಿಲ್ಲ. ಹಾಗಾಗಿ ಅದು ಕನ್‌ಸ್ಟ್ರೇಂಟ್. ಜೂನ್‌ನಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ, ಆ 14 ದಿನ, ಆಮೇಲೆ ಪ್ಲಾಸ್ಟರ್, ನೆಲ ಎಲ್ಲ ಸೇರಿ, ಏಪ್ರಿಲ್ ಕೊನೆಯೊಳಗೆ ಸ್ಲ್ಯಾಬ್ ಹಾಕಲೇಬೇಕಿತ್ತು.

ನಿಜವಾದ ಅಸಂಪ್ಷನ್ ಇದ್ದದ್ದು ನೆಲದ ಕೆಳಗೆ. "ಐದು ಫೂಟಿಗೇ ಗರಸು ಸಿಗ್ತದರೀ ಸರ್" ಅಂದಿದ್ದರು ಗುತ್ತಿಗೆದಾರರು. ಗರಸು ಅಂದರೆ ಪಾಯ ಕೂರಿಸಬಹುದಾದ ಗಟ್ಟಿ ನೆಲ. ಅದರ ಮೇಲೆ ಇದ್ದದ್ದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಪಾಯ ಅದರ ಮೇಲೆ ಕೂತರೆ ಗೋಡೆ ಸೀಳುತ್ತದೆ. ಅದಕ್ಕೇ ಲಾಗ್‌ನಲ್ಲಿ ಹೀಗೆ ಬರೆದೆ: ಜನವರಿಯೊಳಗೆ ಎರಡು ಮೂಲೆಯಲ್ಲಿ ಗುಂಡಿ ತೋಡಿ ನೋಡಬೇಕು, ಆರು ಅಡಿ ದಾಟಿದರೆ ವರಾಂಡ ಮುಂದಿನ ಹಂತಕ್ಕೆ.

ಒಂದು ಮೂಲೆಯಲ್ಲಿ ಐದಕ್ಕೇ ಸಿಕ್ಕಿತು. ಇನ್ನೊಂದರಲ್ಲಿ ಏಳಡಿ ಇಳಿದರೂ ಗುದ್ದಲಿಗೆ ಬಂದದ್ದು ಅದೇ ಕರಿ, ಜಿಗುಟು ಮಣ್ಣು. ಗರಸು ಕಂಡಿದ್ದು ಎಂಟಕ್ಕೆ. ಅಗೆತ, ಕಲ್ಲು, ಕೂಲಿ ಎಲ್ಲ ಏರಿತು. ದಿನಾಂಕವೂ ಹಣವೂ ಕನ್‌ಸ್ಟ್ರೇಂಟ್ ಶೀಟಿನಲ್ಲಿದ್ದವು, ಅವು ಅಲುಗುವುದಿಲ್ಲ. ಉಳಿದಿದ್ದು ಸ್ಕೋಪ್ ಒಂದೇ. ಹೆಡ್‌ಮಾಸ್ತರರ ಮುಂದೆ ಶೀಟ್ ಇಟ್ಟಾಗ ವಾದವೇ ಆಗಲಿಲ್ಲ, ಯಾಕಂದ್ರೆ ವರಾಂಡದ ಮಾತು ಮೊದಲೇ ಅವರ ಒಪ್ಪಿಗೆಯಿಂದ ಬರೆದದ್ದು.

ಗುಂಡಿ ತೋಡಿದ ದಿನವೇ ಆ ಸಾಲನ್ನು ಅಸಂಪ್ಷನ್ ಲಾಗ್‌ನಲ್ಲಿ ಮುಚ್ಚಿ, "ಪಾಯ ಎಂಟಡಿ" ಅಂತ ಕನ್‌ಸ್ಟ್ರೇಂಟ್ ಶೀಟಿಗೆ ಸೇರಿಸಿದೆ. ಅಗೆತಕ್ಕೆ ಒಂದು ವಾರ ಹೆಚ್ಚು ಹಿಡಿಯುತ್ತಿತ್ತು, ವರಾಂಡದ ಮೇಸ್ತ್ರಿಗಳನ್ನು ಪಾಯಕ್ಕೆ ಹಾಕಿ ಸ್ಲ್ಯಾಬ್‌ನ ದಿನಾಂಕ ಉಳಿಸಿಕೊಂಡೆವು.